“ನಿನ್ನ ಮುಂದ ಒಂದ್ ಮಾತ್ ಹೇಳಾದದ” ಅಂದಾಗ ಏನು ಮಾಡಬೇಕು: ಒತ್ತಾಯವಿಲ್ಲದೆ ಕೇಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಮಕ್ಕಳು ದೊಡ್ಡ ಸುದ್ದಿಯನ್ನು ಒಮ್ಮೆಲೇ ಹೇಳುವುದು ಕಡಿಮೆ. ಮೊದಲು ಒಂದು ಸಣ್ಣ ಮಾತು ಬಿಟ್ಟು ನೋಡುತ್ತಾರೆ. “ಇವತ್ತ ಏನಾಗ್ಯಾದ ಹೇಳು ನೋಡಮ್” ಅನ್ನುತ್ತಾರೆ. ಅಥವಾ ದನಿ ಇಳಿಸಿ “ಅಕ್ಕಾ, ನಿನ್ನ ಮುಂದ ಒಂದ್ ಮಾತ್ ಹೇಳಾದದ” ಅನ್ನುತ್ತಾರೆ. ಅಷ್ಟು ಹೇಳಿ ನಮ್ಮ ಮುಖ ನೋಡುತ್ತಾರೆ. ಸುದ್ದಿ ಪೂರ್ತಿ ಹೊರಗೆ ಬರುತ್ತದೋ, ಅರ್ಧಕ್ಕೆ ನಿಲ್ಲುತ್ತದೋ ಅನ್ನುವುದು ಆಮೇಲೆ ನಾವು ಆಡುವ ಒಂದೆರಡು ಮಾತಿನ ಮೇಲೆ ನಿಂತಿರುತ್ತದೆ.

ಈ ಬರಹ ಮನೆಯ ಹಿರಿಯರಿಗೆ: ಅಕ್ಕ, ಅಣ್ಣ, ಅಪ್ಪ, ಅವ್ವ, ಕಾಕಾ, ಮಾವ. ಹಾಸ್ಟೆಲ್ ನೋಡಿಕೊಳ್ಳುವವರಿಗೂ ಉಪಯೋಗ ಆಗುತ್ತದೆ. ಓದಲು ಊರು ಬಿಟ್ಟು ಹೋದ ಕಿರಿಯರು ಇಂಥ ಮಾತು ತೆಗೆದಾಗ ಏನು ಮಾಡಬೇಕು ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ಖುಷಿಯ ಸುದ್ದಿಗೆ ಸ್ವಲ್ಪ ಜಾಗ, ಕಷ್ಟದ ಸುದ್ದಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ನಾವು ಎಡವುವುದು ಎರಡನೆಯದರಲ್ಲೇ ಜಾಸ್ತಿ.

ಮೊದಲು: ಆ ಮಾತು ಏನು ಕೇಳುತ್ತಿದೆ ಅಂತ ಗಮನಿಸಿ

ಮನುಷ್ಯರ ಮಾತುಕತೆಯನ್ನು ರೆಕಾರ್ಡ್ ಮಾಡಿ ಸಾಲು ಸಾಲಾಗಿ ಅಧ್ಯಯನ ಮಾಡಿದ ಹಾರ್ವೆ ಸ್ಯಾಕ್ಸ್ ಅನ್ನುವ ಅಮೆರಿಕದ ವಿದ್ವಾಂಸರು 1960ರ ದಶಕದಲ್ಲೇ ಒಂದು ಸಂಗತಿ ಗುರುತಿಸಿದ್ದರು. ಸಣ್ಣ ಮಕ್ಕಳು ದೊಡ್ಡವರ ಹತ್ತಿರ ಮಾತು ಶುರು ಮಾಡುವಾಗ “ಏನು ಗೊತ್ತಾ?” ಅಂತ ಕೇಳುತ್ತಾರೆ. ದೊಡ್ಡವರು “ಏನು?” ಅನ್ನಲೇಬೇಕಾಗುತ್ತದೆ. ಈಗ ದೊಡ್ಡವರೇ ಪ್ರಶ್ನೆ ಕೇಳಿದಂತಾಯಿತು. ಉತ್ತರ ಹೇಳುವ ಹಕ್ಕು ಮಗುವಿಗೆ ಬಂತು. ಮನೆಯಲ್ಲಿ ಮಾತಾಡಲು ತನ್ನ ಪಾಳಿ ಬರುವುದೇ ಇಲ್ಲ ಅಂದುಕೊಂಡ ಮಗು ಹೀಗೆ ಪಾಳಿ ಪಡೆಯುತ್ತದೆ.

ದೊಡ್ಡವರಾದ ಮೇಲೂ ನಾವು ಇದನ್ನೇ ಮಾಡುತ್ತೇವೆ. “ಒಂದ್ ಮಾತ್ ಹೇಳಾದದ” ಅಂದವರು ಇನ್ನೂ ಸುದ್ದಿ ಹೇಳಿಲ್ಲ. ಹೇಳಲೇ ಅಂತ ಕೇಳಿದ್ದಾರೆ, ಅಷ್ಟೇ. ಆ ಹೊತ್ತಿನಲ್ಲಿ ನಾವು ಮಾಡಬೇಕಾದ್ದು ಒಂದೇ ಕೆಲಸ: ಪಾಳಿ ಅವರ ಕೈಗೆ ಕೊಡುವುದು. ಸಲಹೆ, ಸಮಾಧಾನ, ಊಹೆ ಯಾವುದೂ ಆಗ ಬೇಕಿಲ್ಲ.

ಆದರೆ ಎರಡು ಬಗೆಯ ಶುರುವನ್ನು ಒಂದೇ ಥರ ಕೇಳಿಸಿಕೊಳ್ಳಬಾರದು. “ಏನಾಗ್ಯಾದ ಹೇಳು ನೋಡಮ್” ಅಂದಾಗ ದನಿ ಏರಿರುತ್ತದೆ, ಕಣ್ಣು ನಮ್ಮ ಮೇಲೇ ಇರುತ್ತದೆ, ನಾಲ್ಕು ಮಂದಿಯ ನಡುವೆಯೂ ಹೇಳುತ್ತಾರೆ. ನಾವು ಬೇಗ ಕೇಳಲಿ ಅನ್ನುವ ಆಸೆ ಅಲ್ಲಿದೆ. “ನಿನ್ನ ಮುಂದ ಒಂದ್ ಮಾತ್ ಹೇಳಾದದ” ಅಂದಾಗ ಹಾಗಿಲ್ಲ. “ನೀ ಫ್ರೀ ಇದ್ದೀಯೇನು?” “ಬಾಜೂಕ ಯಾರರ ಅದಾರೇನು?” ಅಂತ ಮೊದಲೇ ಕೇಳಿರುತ್ತಾರೆ. ಸಂಬಂಧವಿಲ್ಲದ ಎರಡು ಮಾತು ಆಡಿ, ಫೋನ್ ಇಡುವ ಹೊತ್ತಿಗೆ ಈ ಮಾತು ತೆಗೆಯುತ್ತಾರೆ. “ಸಿಟ್ಟಾಗಬ್ಯಾಡ” ಅನ್ನುವುದು ಜೊತೆಗೆ ಬಂದರೆ ಅನುಮಾನವೇ ಬೇಡ, ವಿಷಯ ಭಾರದ್ದು.

ಯಾವುದು ಅಂತ ಗೊತ್ತಾಗದಿದ್ದರೆ ಭಾರದ್ದು ಅಂತಲೇ ಹಿಡಿಯಿರಿ. ಖುಷಿಯ ಸುದ್ದಿ ತಂದವರಿಗೆ ಶಾಂತವಾದ “ಹಾಂ, ಹೇಳು” ಸಿಕ್ಕರೆ ಏನೂ ನಷ್ಟವಿಲ್ಲ, ಅವರು ಹೇಳೇ ಹೇಳುತ್ತಾರೆ. ಭಾರದ ಸುದ್ದಿ ತಂದವರಿಗೆ “ಏನ್ ಸ್ವೀಟ್ ಕೊಡಸ್ತಿ ಏನು?” ಅನ್ನುವ ನಗು ಸಿಕ್ಕರೆ ಆ ಮಾತು ಅಲ್ಲಿಗೇ ಮುಗಿಯಬಹುದು.

ಖುಷಿಯ ಸುದ್ದಿಗೆ: ಒಂದೇ ಊಹೆ, ಅದೂ ಸಣ್ಣದು

“ಹೇಳು ನೋಡಮ್” ಅಂದವರು ಊಹೆ ಮಾಡಲು ಕರೆದಿದ್ದಾರೆ. ಒಂದು ಊಹೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಊಹೆ ಸುದ್ದಿಗಿಂತ ದೊಡ್ಡದಾಗಬಾರದು. ಒಂದು ಉದಾಹರಣೆ ನೋಡಿ. ಬೀದರಿನಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗಿ ಒಂದು ಸಣ್ಣ ಕಂಪನಿಯಲ್ಲಿ ಆರು ತಿಂಗಳ ಟ್ರೇನಿಂಗಿಗೆ ಆಯ್ಕೆಯಾಗಿದ್ದಾಳೆ. ಓಡಿ ಬಂದು “ಅಪ್ಪಾ, ಏನಾಗ್ಯಾದ ಹೇಳು” ಅನ್ನುತ್ತಾಳೆ. ಅಪ್ಪ “ಸರ್ಕಾರಿ ನೌಕರಿ ಬಂತೇನವ್ವಾ?” ಅನ್ನುತ್ತಾರೆ. ಪ್ರೀತಿಯಿಂದಲೇ ಕೇಳಿದ್ದು. ಆದರೆ ಅವಳ ಸುದ್ದಿ ಬಾಯಿಂದ ಬರುವ ಮೊದಲೇ ಸಣ್ಣದಾಯಿತು. ಈಗ ಅವಳು “ಇಲ್ಲ, ಅಷ್ಟೇನ್ ದೊಡ್ಡದಲ್ಲ…” ಅಂತ ಶುರು ಮಾಡಬೇಕು.

ಮದುವೆಯಾಗದ ಹುಡುಗಿಯ ಹತ್ತಿರ ಗಂಡಿನ ಊಹೆ, ಹೊಸದಾಗಿ ಮದುವೆಯಾದವರ ಹತ್ತಿರ ಕೂಸಿನ ಊಹೆ ಎಂದಿಗೂ ಬೇಡ. ಅದು ಊಹೆಯ ವೇಷದಲ್ಲಿರುವ ಒತ್ತಾಯ. “ನಿನ್ನ ಮುಖ ನೋಡಿದ್ರ ಚಲೋ ಸುದ್ದಿನೇ ಅದ. ನೀನೇ ಹೇಳು” ಅಂದರೆ ಸಾಕು. ಅದರಲ್ಲಿ ಕುತೂಹಲವೂ ಇದೆ, ಪಾಳಿಯೂ ಅವಳ ಕೈಗೇ ಹೋಯಿತು.

ಸುದ್ದಿ ನಿಮಗೆ ಮೊದಲೇ ಗೊತ್ತಿದ್ದರೆ? ನಮ್ಮ ಕಡೆ ಇದು ದಿನಾ ಆಗುವುದೇ. ಕಾಕಾನ ಫೋನು ಮಗಳಿಗಿಂತ ಮುಂಚೆ ಬಂದಿರುತ್ತದೆ. “ಹೂಂ, ಗೊತ್ತಾಯ್ತು” ಅಂದರೆ ಬಾಗಿಲು ಹಾಕಿದಂತೆ. ಗೊತ್ತೇ ಇಲ್ಲದವರಂತೆ ನಟಿಸಿದರೆ ನಾಳೆ ಕಾಕಾನಿಂದಲೇ ಸಿಕ್ಕಿಬೀಳುತ್ತೀರಿ. “ಅರ್ಧಾ ಕಿವಿಗೆ ಬಿದ್ದದ. ಪೂರಾ ನಿನ್ನ ಬಾಯಿಲೇ ಕೇಳಬೇಕು” ಅನ್ನಿ.

ಹೇಳಿದ ಮೇಲೆ ಒಂದೆರಡು ಪ್ರಶ್ನೆ ಕೇಳಿ, ಅವು ಆ ಗಳಿಗೆಯ ಬಗ್ಗೆ ಇರಲಿ. “ಯಾರು ಫೋನ್ ಮಾಡಿದ್ರು? ನೀ ಎಲ್ಲಿದ್ದಿ ಆವಾಗ?” ಸಂಬಳ ಎಷ್ಟು, ಪರ್ಮನೆಂಟಾ ಅನ್ನುವುದನ್ನು ಮರುದಿನ ಕೇಳಿದರಾಯಿತು. ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ: ಒಳ್ಳೆಯ ಸುದ್ದಿಗೆ ಆಸಕ್ತಿಯಿಂದ, ಮನಸ್ಸಿಟ್ಟು ಪ್ರತಿಕ್ರಿಯಿಸುವ ಸಂಗಾತಿಗಳ ನಡುವೆ ನಂಟು ಗಟ್ಟಿಯಾಗಿತ್ತು. ಬರೀ “ಚಲೋ ಆಯ್ತು ಬಿಡು” ಅಂತ ತಣ್ಣಗೆ ಹೇಳುವುದು, ಖುಷಿಯಲ್ಲಿ ಕೊರತೆ ಹುಡುಕುವುದು ಎರಡರಿಂದಲೂ ಆ ಲಾಭ ಸಿಗಲಿಲ್ಲ.

ಭಾರದ ಸುದ್ದಿಗೆ: ಮೊದಲ ಉತ್ತರ ಚಿಕ್ಕದಿರಲಿ

“ನಿನ್ನ ಮುಂದ ಒಂದ್ ಮಾತ್ ಹೇಳಾದದ” ಅಂದರೆ ಉತ್ತರ ಇಷ್ಟೇ: “ಹಾಂ, ಹೇಳು. ನಾ ಕೇಳ್ಲಕತ್ತೀನಿ.” ಇದಕ್ಕಿಂತ ಉದ್ದ ಬೇಡ.

ಇಲ್ಲಿ ನಾವು ಮಾಡುವ ದೊಡ್ಡ ತಪ್ಪು ಸರಸರ ಪ್ರಶ್ನೆ ಕೇಳುವುದು. “ಏನಾಯ್ತು? ರೊಕ್ಕ ಬೇಕಾಗ್ಯಾವೇನು? ಯಾರರ ಏನರ ಅಂದ್ರಾ? ಪಾಸಾಗಿಲ್ಲೇನು? ಹೇಳಲ್ಲ, ಯಾಕ ಸುಮ್ನಿದ್ದಿ?” ಕೇಳುವವರಿಗೆ ಇದು ಕಾಳಜಿ. ಹೇಳುವವರಿಗೆ ಇದರಲ್ಲಿ ಎರಡು ತೊಂದರೆ ಇದೆ. ಒಂದು, ಅವರು ಹೇಗೆ ಶುರು ಮಾಡಬೇಕು ಅಂತ ಮನಸ್ಸಿನಲ್ಲಿ ಜೋಡಿಸಿಕೊಂಡದ್ದು ಚದುರಿ ಹೋಗುತ್ತದೆ. ಇನ್ನೊಂದು, ನಮ್ಮ ಊಹೆಗಳಲ್ಲಿ ಒಂದು ಸುಲಭದ ಸುಳ್ಳಾಗಿ ಅವರಿಗೆ ಸಿಗುತ್ತದೆ. “ಹೂಂ, ರೊಕ್ಕ ಬೇಕಾಗಿದ್ವು” ಅಂದುಬಿಡುತ್ತಾರೆ. ನಾವು ಐನೂರು ರೂಪಾಯಿ ಹಾಕಿ, ಸಮಸ್ಯೆ ಮುಗಿಯಿತು ಅಂದುಕೊಳ್ಳುತ್ತೇವೆ. ಊಹೆ ಮಾಡಿ ಕೇಳಿದಾಗ “ಹೂಂ” ಅನ್ನುವುದು ತಡವಾಗಿ, ಸಪ್ಪೆಯಾಗಿ ಬಂದರೆ ನಿಜವಾದ ಸುದ್ದಿ ಇನ್ನೂ ಒಳಗೇ ಇದೆ ಅಂತ ತಿಳಿಯಿರಿ.

ಕೆಟ್ಟ ಸುದ್ದಿ ಹೇಳುವವರು ಕೆಲವೊಮ್ಮೆ ಬೇಕಂತಲೇ ಸುಳಿವು ಕೊಟ್ಟು, ನಾವೇ ಊಹಿಸಲಿ ಅಂತ ಕಾಯುತ್ತಾರೆ. ಮಾತಿನ ಅಧ್ಯಯನ ಮಾಡಿದ ಇಮ್ಯಾನುಯೆಲ್ ಶೆಗ್ಲಾಫ್ ಇದನ್ನೂ ಗುರುತಿಸಿದ್ದಾರೆ. ಸಾವಿನ ಸುದ್ದಿ ಹೇಳುವಾಗ ಹೀಗಾಗುವುದನ್ನು ನೀವೂ ನೋಡಿರುತ್ತೀರಿ: “ಮುತ್ಯಾ ದವಾಖಾನ್ಯಾಗ ಇದ್ದ ಅಲ್ಲ…” ಅಂದು ನಿಲ್ಲಿಸುತ್ತಾರೆ. ಅಂಥ ಕಡೆ ಮೆಲ್ಲಗೆ ಕೇಳುವುದು ಹೇಳುವವರಿಗೆ ಸಹಾಯ. ಅವರು ಅರ್ಧ ವಾಕ್ಯ ಬಿಟ್ಟು ನಿಮ್ಮನ್ನು ನೋಡುತ್ತಿದ್ದರೆ ಒಂದೇ ಒಂದು ಊಹೆ ಮಾಡಿ. ಸುಳಿವೇ ಕೊಡದೆ ಸುಮ್ಮನಿದ್ದರೆ ಊಹೆಗೆ ಹೋಗಬೇಡಿ.

ನಿಮಗೆ ಆಗ ಮಾತಾಡಲು ಆಗುವುದೇ ಇಲ್ಲವಾ? ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ, ಬಸ್ಸಿನಲ್ಲಿ ನಿಂತಿದ್ದೀರಿ. ಅರ್ಧ ಕಿವಿ ಕೊಡುವುದಕ್ಕಿಂತ ಹೊತ್ತು ಹೇಳುವುದು ಒಳ್ಳೆಯದು. ಮೊದಲು “ಈಗೇ ಹೇಳಬೇಕಾದ್ದದೇನು?” ಅಂತ ಕೇಳಿ. ಹೌದು ಅಂದರೆ ಗಿರಾಕಿ ಕಾಯಲಿ. ಇಲ್ಲ ಅಂದರೆ “ಎಂಟಕ್ಕ ಅಂಗಡಿ ಮುಚ್ಚಿ ನಾನೇ ಫೋನ್ ಮಾಡ್ತೀನಿ” ಅನ್ನಿ. ಆಮೇಲೆ ನೋಡೋಣ ಅನ್ನಬೇಡಿ. ಎಂಟಕ್ಕೆ ಫೋನ್ ಮಾಡಲೇಬೇಕು. ಮಾಡದಿದ್ದರೆ ಅವರು ಮತ್ತೆ ತಾವಾಗಿ ಬಾಯಿ ಬಿಡುವುದು ಕಷ್ಟ.

ಎಲ್ಲಿ ಕೂತು ಕೇಳಬೇಕು

ಮುಂದೆ ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು “ಈಗ ಹೇಳು” ಅಂದರೆ ಅದು ಪಂಚಾಯಿತಿ ಆಗುತ್ತದೆ. ಹಿರಿಯರ ಮುಖ ದಿಟ್ಟಿಸಿ ಮಾತಾಡುವ ರೂಢಿ ನಮ್ಮ ಮನೆಗಳಲ್ಲಿ ಕಡಿಮೆ. ಕೈಗೆ ಕೆಲಸ ಇದ್ದು ಕಣ್ಣು ಬೇರೆ ಕಡೆ ಇದ್ದಾಗ ಮಾತು ಸಲೀಸಾಗಿ ಬರುತ್ತದೆ. ಚಳಿಗಾಲದಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಾ ಕೂತಾಗ ಎಷ್ಟು ಮನೆಯಲ್ಲಿ ಎಷ್ಟು ಮಾತು ಹೊರಗೆ ಬಂದಿಲ್ಲ! ಬೇಸಿಗೆಯಲ್ಲಿ ರಾತ್ರಿ ಮಾಳಿಗೆ ಮೇಲೆ ಮಲಗಿ ಆಕಾಶ ನೋಡುವಾಗಲೂ ಹಾಗೇ. ಕಲಬುರಗಿಯಲ್ಲೇ ಇದ್ದರೆ ಅಪ್ಪನ ಕೆರೆ ಸುತ್ತ ಒಂದು ಸುತ್ತು ನಡೆಯಿರಿ. ಬೀದರಿನಲ್ಲಿದ್ದರೆ ಕೋಟೆ ಒಳಗೆ ನಡೆದುಕೊಂಡು ಹೋಗಿ. ಪಕ್ಕಪಕ್ಕದಲ್ಲಿ ನಡೆಯುವಾಗ ಸುಮ್ಮನಿರುವುದೂ ಸಹಜ ಅನ್ನಿಸುತ್ತದೆ.

ಮನೆಯಲ್ಲಿ ಮಂದಿ ಇದ್ದರೆ ಅವರನ್ನು ಎಬ್ಬಿಸಿ ಕಳಿಸಬೇಡಿ. ಅದರಿಂದ ಎಲ್ಲರ ಕಿವಿ ಚುರುಕಾಗುತ್ತದೆ. “ನಡಿ, ಅಂಗಡಿತನ ಹೋಗಿ ಬರಮ್” ಅಂತ ನೀವೇ ಅವರನ್ನು ಹೊರಗೆ ಕರೆದುಕೊಂಡು ಹೋಗಿ. ಫೋನಿನಲ್ಲಾದರೆ ಸ್ಪೀಕರ್ ಬಂದ್ ಮಾಡಿ, ಮಾಡಿದ್ದೇನೆ ಅಂತ ಹೇಳಿ ಕೂಡ. “ಸ್ಪೀಕರ್ ಇಲ್ಲ, ನಾ ಒಬ್ಬಾಕಿನೇ ಇದ್ದೀನಿ” ಅನ್ನುವುದು ದೊಡ್ಡ ಧೈರ್ಯ ಕೊಡುತ್ತದೆ.

ಒಂದು ಫೋನ್ ಕರೆ, ಮೊದಲಿನಿಂದ ಕೊನೆಯವರೆಗೆ

ಹಂತಗಳು ಹೇಗೆ ಕೂಡಿಕೊಳ್ಳುತ್ತವೆ ಅಂತ ತೋರಿಸಲು ಒಂದು ಸನ್ನಿವೇಶ ಕಟ್ಟಿದ್ದೇನೆ. ಶಹಾಪುರ ತಾಲ್ಲೂಕಿನ ಹುಡುಗ, ಹದಿನೆಂಟು ತುಂಬಿದೆ. ಪಿಯುಸಿ ಮುಗಿಸಿ, ನೀಟ್‌ಗೆ ಮತ್ತೊಂದು ವರ್ಷ ಓದಲು ಕಲಬುರಗಿಯ ಪಿಜಿಯೊಂದರಲ್ಲಿ ಇದ್ದಾನೆ. ಮನೆಯಲ್ಲಿ ಹತ್ತಿ, ತೊಗರಿ ಬೆಳೆಯುತ್ತಾರೆ. ಅಪ್ಪ ಸಾಲ ಮಾಡಿ ಕೋಚಿಂಗ್ ಫೀ ಕಟ್ಟಿದ್ದಾರೆ. ಅಕ್ಕ ಮದುವೆಯಾಗಿ ಬೀದರಿನಲ್ಲಿದ್ದಾಳೆ. ರಾತ್ರಿ ಫೋನ್ ಬರುತ್ತದೆ. ಊಟ, ಬಿಸಿಲು, ಅಳಿಯನ ಜ್ವರ ಎಲ್ಲ ಮಾತಾಡಿದ ಮೇಲೆ:

“ಅಕ್ಕಾ, ನಿನ್ನ ಮುಂದ ಒಂದ್ ಮಾತ್ ಹೇಳಾದದ. ಅಪ್ಪನ ಮುಂದ ಹೇಳಬ್ಯಾಡ.”

“ಹಾಂ, ಹೇಳು ತಮ್ಮಾ. ಒಬ್ಬಾಕಿನೇ ಇದ್ದೀನಿ.”

ಸುಮ್ಮನಾಗುತ್ತಾನೆ. ಅಕ್ಕನೂ ಸುಮ್ಮನಿರುತ್ತಾಳೆ.

“ಹೋದ ವಾರ ಟೆಸ್ಟ್ ಇತ್ತು. ಮಾರ್ಕ್ಸ್ ಭಾಳ ಕಡಿಮಿ ಬಂದಾವ.”

“ಹೂಂ.”

“ಮುಂಚಿಗಿಂತಾನೂ ಕಡಿಮಿ.”

“ಮುಂಚಿಗಿಂತಾನೂ ಕಡಿಮಿ ಬಂದಾವ.”

“ಹೂಂ… ಬರೋದು ಹ್ಯಾಂಗ ಅಕ್ಕಾ? ಕ್ಲಾಸಿಗೇ ಹೋಗಿಲ್ಲ ನಾ.”

“ಕ್ಲಾಸಿಗೆ ಹೋಗಿಲ್ಲ. ಮತ್ತ?”

“ಒಂದ್ ತಿಂಗಳಾಯ್ತು. ಮುಂಜಾನಿ ರೆಡಿ ಆಗಿ ಹೊರಗ ಬೀಳ್ತೀನಿ. ಸ್ಟೇಷನ್ ಕಡಿ ಹೋಗಿ ಕುಂತು ಬರ್ತೀನಿ. ನನ್ನಿಂದ ಆಗಾದಿಲ್ಲ ಅಕ್ಕಾ.”

ಮೇಲೆ ನೋಡಿ: ಅವನು ತಂದ ಮೊದಲ ಸುದ್ದಿ ಟೆಸ್ಟಿನದು. ನಿಜವಾದ ಸುದ್ದಿ ಅದರ ಹಿಂದೆ ಇತ್ತು. ಭಾರದ ಮಾತು ಹೇಳುವವರು ಸಾಮಾನ್ಯವಾಗಿ ಮೊದಲು ಸಣ್ಣದನ್ನು ಮುಂದಿಡುತ್ತಾರೆ. ಅದಕ್ಕೆ ಬೈಗುಳ ಬಂದರೆ ದೊಡ್ಡದನ್ನು ಹೇಳುವುದಿಲ್ಲ. ನೀರಿಗೆ ಇಳಿಯುವ ಮೊದಲು ಕೋಲು ಹಾಕಿ ಆಳ ನೋಡಿದ ಹಾಗೆ. ಟೆಸ್ಟ್ ಅಂದ ಕೂಡಲೇ ಅಕ್ಕ “ಮೊಬೈಲ್ ಜಾಸ್ತಿ ಆಗ್ಯಾದ ನಿಂದು” ಅಂದಿದ್ದರೆ ಫೋನ್ ಅಲ್ಲೇ ಮುಗಿಯುತ್ತಿತ್ತು. “ಒಂದ್ ಟೆಸ್ಟ್‌ಗೆ ಏನಾಗ್ತದ, ಬಿಡು” ಅಂತ ಸಮಾಧಾನ ಮಾಡಿದ್ದರೂ ಮುಗಿಯುತ್ತಿತ್ತು. ಸಣ್ಣ ಸುದ್ದಿಗೇ ಸಮಾಧಾನ ಹೇಳಿ ಮುಗಿಸಿದರೆ ದೊಡ್ಡದಕ್ಕೆ ಜಾಗ ಉಳಿಯುವುದಿಲ್ಲ. ಈ ಎರಡನೆಯದನ್ನು ಒಳ್ಳೆಯ ಮನಸ್ಸಿನವರೇ ಜಾಸ್ತಿ ಮಾಡುತ್ತಾರೆ.

ಅಕ್ಕ ಮಾಡಿದ್ದು ಮೂರೇ ಕೆಲಸ. ಸುಮ್ಮನಿದ್ದಳು. “ಹೂಂ”, “ಮತ್ತ?” ಅಂದಳು. ಅವನ ಕೊನೆಯ ಮಾತನ್ನೇ ತಿರುಗಿ ಹೇಳಿದಳು. ತಿರುಗಿ ಹೇಳುವಾಗ ದನಿ ಮುಖ್ಯ. ಕೊನೆಯಲ್ಲಿ ದನಿ ಏರಿಸಿ “ಕ್ಲಾಸಿಗೆ ಹೋಗಿಲ್ಲಾ?!” ಅಂದರೆ ಬೈದ ಹಾಗೆ ಕೇಳಿಸುತ್ತದೆ. ದನಿ ಇಳಿಸಿ ಹೇಳಿದರೆ “ಕೇಳಿಸಿತು, ಮುಂದೆ ಹೇಳು” ಅಂದಂತೆ.

ಸುಮ್ಮನಿರುವುದು ಎಷ್ಟು ಹೊತ್ತು? ಶಾಲೆಗಳಲ್ಲಿ ಪಾಠ ಗಮನಿಸಿದ ಮೇರಿ ಬಡ್ ರೋ ಎಂಬ ಸಂಶೋಧಕಿ ಕಂಡಂತೆ, ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡಿಗಿಂತ ಜಾಸ್ತಿ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವ ಮಕ್ಕಳೂ ಮಾತಾಡಿದರು. ತರಗತಿಯ ಪ್ರಶ್ನೆಗೇ ಅಷ್ಟು ಬೇಕಾದರೆ ಇಂಥ ಮಾತಿಗೆ ಇನ್ನೂ ಜಾಸ್ತಿ ಬೇಕು. ಫೋನಿನಲ್ಲಿ ಐದಾರು ಸೆಕೆಂಡು ತುಂಬಾ ಉದ್ದ ಅನ್ನಿಸುತ್ತದೆ. ಕಟ್ ಆಯಿತೋ ಏನೋ ಅಂತ ಅವರಿಗೆ ಅನುಮಾನ ಬರಬಹುದು. ಅದಕ್ಕೇ ನಡುವೆ ಒಂದು ಮೆಲ್ಲನೆಯ “ಹೂಂ, ಇದ್ದೀನಿ” ಅನ್ನಿ. “ಹಲೋ? ಹಲೋ?” ಅನ್ನಬೇಡಿ.

ಕರೆ ಮುಂದುವರಿಯುತ್ತದೆ.

“ಒಂದ್ ತಿಂಗಳು ಒಬ್ಬನೇ ಇದು ಇಟ್ಕೊಂಡು ಕುಂತಿದ್ದಿ.”

ಅವನು ಅಳುತ್ತಾನೆ. ಅಕ್ಕ ಅಳುವುದನ್ನು ನಿಲ್ಲಿಸಲು ಹೋಗುವುದಿಲ್ಲ.

“ಮೊದಲನೇ ದಿನ ಹ್ಯಾಂಗ ಆಯ್ತು? ಅವತ್ತು ಏನಿತ್ತು?”

“ಅವತ್ತ ಫಿಸಿಕ್ಸ್ ಇತ್ತು. ಸರ್ ಎಲ್ಲರ ಮುಂದ ನಿಂದರಿಸಿದ್ರು…”

ಇಲ್ಲಿ ಗಮನಿಸಿ. ಅವಳು “ಯಾಕ ಹೋಗಿಲ್ಲ?” ಅಂತ ಕೇಳಲಿಲ್ಲ. ಯಾಕೆ ಅಂತ ಕೇಳಿದರೆ ಉತ್ತರವಾಗಿ ಕಾರಣ ಕೊಡಬೇಕು. ತಪ್ಪು ಮಾಡಿದೆ ಅಂದುಕೊಂಡವರಿಗೆ ಕಾರಣ ಕೊಡುವುದೂ ಸಮರ್ಥನೆ ಮಾಡಿಕೊಳ್ಳುವುದೂ ಒಂದೇ. “ಹ್ಯಾಂಗಾಯ್ತು, ಅವತ್ತು ಏನಿತ್ತು” ಅಂದರೆ ಆದದ್ದನ್ನು ಹೇಳಿದರೆ ಸಾಕು. ಕಾರಣ ಅದರೊಳಗಿಂದಲೇ ಬರುತ್ತದೆ. “ಯಾಕ”ದ ಜಾಗದಲ್ಲೆಲ್ಲ “ಹ್ಯಾಂಗ” ಇಟ್ಟು ನೋಡಿ, ಇದೊಂದನ್ನೇ ಮಾಡಿದರೂ ಮಾತಿನ ದಾರಿ ಬದಲಾಗುತ್ತದೆ.

ಕೊನೆಗೆ:

“ನಾ ಈಗ ಏನ್ ಮಾಡಬೇಕಂತಿ? ಬರೀ ಕೇಳಬೇಕಾ, ಏನರ ದಾರಿ ಹುಡುಕಮಾ?”

“ಗೊತ್ತಿಲ್ಲ ಅಕ್ಕಾ. ನನಗ ಅಗ್ರಿ ಓದಾದದ. ಭೀಮರಾಯನಗುಡಿ ಕಾಲೇಜ್ ಅದ ಅಲ್ಲ… ಅಪ್ಪ ಏನಂತಾನೋ.”

ಎಲ್ಲಕ್ಕಿಂತ ಒಳಗಿನ ಮಾತು ಈಗ ಬಂತು: ಡಾಕ್ಟರ್ ಆಗುವ ಮನಸ್ಸು ಅವನಿಗಿಲ್ಲ, ಕೃಷಿ ಓದಬೇಕಾಗಿದೆ. ಭೀಮರಾಯನಗುಡಿಯ ಕೃಷಿ ಕಾಲೇಜು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ, ಅವನ ಊರಿಗೂ ಹತ್ತಿರ. ಅಲ್ಲಿಗೆ ಸೀಟು ಸಿಗುವುದು ಸಿಇಟಿ ಮೂಲಕ. ಹಾಗಂತ ಅಕ್ಕ ಆ ರಾತ್ರಿಯೇ ಸಿಇಟಿ ಲೆಕ್ಕ ತೆಗೆಯಬಾರದು. ಅವನು ಇಷ್ಟು ಹೊತ್ತು ಹೇಳಲು ಕಷ್ಟಪಟ್ಟದ್ದು ಆಸೆಯನ್ನು. ಅದನ್ನು ತಕ್ಷಣ ಪ್ಲ್ಯಾನ್ ಮಾಡಿದರೆ ಅದು ಮತ್ತೆ ಅವನ ಕೈತಪ್ಪಿ ಮನೆಯವರ ಯೋಜನೆ ಆಗುತ್ತದೆ. “ಅಗ್ರಿ ಅಂದ್ರ ನಿನಗ ಯಾವಾಗಿಂದ ಮನಸ್ಸು? ಅದನ್ನ ಹೇಳು” ಅಂತ ಕೇಳಿ, ಕೇಳಿಸಿಕೊಂಡು, “ನಾಡಿದ್ದು ಐತ್ವಾರ ನಾ ಕಲಬುರಗಿಗೆ ಬರ್ತೀನಿ, ಅಪ್ಪನ ಮಾತು ಅವತ್ತು ಕೂಡಿ ಯೋಚನಿ ಮಾಡಮ್” ಅಂದರೆ ಆ ರಾತ್ರಿಗೆ ಸಾಕು. ಬೀದರಿನಿಂದ ಕಲಬುರಗಿಗೆ ಈಗ ರೈಲೂ ಇದೆ, ಬಸ್ಸೂ ಇದೆ.

ಅರ್ಧಕ್ಕೆ ಹಿಂದೆ ಸರಿದರೆ

“ಬಿಡು, ಏನಿಲ್ಲ. ಸುಮ್ನೆ ಅಂದೆ.”

ಇದು ಬರುವುದೇ ಜಾಸ್ತಿ. ಇಲ್ಲಿ ಎರಡು ತುದಿಯ ತಪ್ಪಿದೆ. ಒಂದು, “ಹೇಳಲೇಬೇಕು, ಈಗ ಹೇಳು, ನನ್ನಾಣಿ” ಅಂತ ಜಗ್ಗುವುದು. ಆಣೆ ಹಾಕಿಸಿ ತೆಗೆದ ಮಾತು ಅರ್ಧ ಮಾತೇ. ಇನ್ನೊಂದು, “ಆಯ್ತು ಬಿಡು” ಅಂತ ಮರೆತುಬಿಡುವುದು. ಅದು ಅವರಿಗೆ “ಇವರಿಗೂ ಬೇಕಾಗಿರಲಿಲ್ಲ” ಅಂತ ಕೇಳಿಸುತ್ತದೆ.

ನಡುವಿನ ದಾರಿ ಹೀಗಿದೆ. “ಆಯ್ತು, ಈಗ ಬ್ಯಾಡಂದ್ರ ಬ್ಯಾಡ. ಅದು ಏನೇ ಇದ್ರೂ ಕೇಳ್ಲಿಕ್ಕ ನಾ ಇದ್ದೀನಿ.” ಇಷ್ಟು ಹೇಳಿ ಬೇರೆ ಮಾತು ತೆಗೆಯಿರಿ, ನಿಜವಾಗಿಯೂ ಬೇರೆ ಮಾತು. ಎರಡು ನಿಮಿಷ ಬಿಟ್ಟು ಅದಕ್ಕೇ ತಿರುಗಿ ಬರಬೇಡಿ. ಒಂದೆರಡು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ: “ಅವತ್ತ ಏನೋ ಹೇಳ್ಬೇಕಂದಿದ್ದಿ. ಹೇಳಲೇಬೇಕಂತಿಲ್ಲ, ನನಗ ನೆನಪದ ಅಂತ ಅಷ್ಟೇ.” ಇದನ್ನು ಒಬ್ಬರೇ ಇದ್ದಾಗ ಹೇಳಿ. ಮಂದಿಯ ನಡುವೆ “ಏನೋ ಹೇಳ್ತೀನಂದಿದ್ದೆಲ್ಲ?” ಅಂದರೆ ಅವರು ನಿಮ್ಮ ಹತ್ತಿರ ಮತ್ತೆ ಬರಲು ಹೆದರುತ್ತಾರೆ.

ವಾಟ್ಸಪ್ಪಿನಲ್ಲೂ ಇದೇ ಕ್ರಮ. “ಒಂದ್ ಮಾತ್ ಹೇಳಾದದ” ಅಂತ ಮೆಸೇಜ್ ಬಂದರೆ ಓದಿ ಹಾಗೇ ಬಿಡಬೇಡಿ, ನೀಲಿ ಗೆರೆ ಅವರು ನೋಡುತ್ತಿರುತ್ತಾರೆ. ಸಾಲಾಗಿ ಪ್ರಶ್ನೆ ಚಿಹ್ನೆ ಹಾಕಬೇಡಿ. ತಕ್ಷಣ ಫೋನೂ ಮಾಡಬೇಡಿ. ಬರೆದು ಹೇಳುವುದೇ ಸುಲಭ ಅಂತ ಅವರು ಬರೆದಿರಬಹುದು. “ಹಾಂ ಹೇಳು. ಇಲ್ಲೇ ಬರಿ, ಇಲ್ಲಾ ಫೋನ್ ಮಾಡು, ನಿನಗ ಹ್ಯಾಂಗ ಬೇಕೋ ಹಂಗ” ಅಂತ ಬರೆಯಿರಿ. “ಟೈಪಿಂಗ್” ಅಂತ ಬಂದು ಬಂದು ನಿಲ್ಲುತ್ತಿದ್ದರೆ ಅವರು ಬರೆದು ಅಳಿಸುತ್ತಿದ್ದಾರೆ. “ಆರಾಮಾಗಿ ಬರಿ, ನಾ ಮಲಗಾದಿಲ್ಲ ಇನ್ನ” ಅನ್ನುವ ಒಂದು ಸಾಲು ಆಗ ಕೆಲಸ ಮಾಡುತ್ತದೆ.

“ಯಾರ ಮುಂದೂ ಹೇಳಬ್ಯಾಡ” ಅಂದಾಗ

ಸುದ್ದಿ ಕೇಳುವ ಮೊದಲೇ ಆಣೆ ಮಾಡಬೇಡಿ. ಏನಿದೆ ಅಂತ ನಿಮಗಿನ್ನೂ ಗೊತ್ತಿಲ್ಲ. ಮೇಲಿನ ಕರೆಯಲ್ಲಿ ಅಕ್ಕ “ಹಾಂ, ಹೇಳು” ಅಂದಳು, ಅಪ್ಪನ ಮಾತಿಗೆ ಉತ್ತರ ಕೊಡಲಿಲ್ಲ. ಅವನು ಒತ್ತಿ ಕೇಳಿದ್ದರೆ ಹೀಗೆ ಹೇಳಬಹುದಿತ್ತು: “ನಿನಗ ಕೇಳದೆ ಯಾರ ಮುಂದೂ ಹೇಳಾದಿಲ್ಲ. ಜೀವಕ್ಕ ಅಪಾಯ ಇರೋ ಮಾತಿದ್ರ ಮಾತ್ರ ನಾ ಒಬ್ಬಾಕಿನೇ ಇಟ್ಕೊಳ್ಳಾಕ ಆಗಾದಿಲ್ಲ. ಆಗೂ ಮೊದಲು ನಿನಗೇ ಹೇಳ್ತೀನಿ.” ಹೀಗಂದರೆ ಹೇಳದೆ ಬಿಡುತ್ತಾರೆ ಅಂತ ಹೆದರಿಕೆ ಬೇಡ. ಸುಳ್ಳು ಆಣೆ ಮುರಿದಾಗ ಆಗುವ ಗಾಯ ಇದಕ್ಕಿಂತ ದೊಡ್ಡದು.

ಒತ್ತಾಯ ಬೇಡ ಅನ್ನುವ ಮಾತಿಗೆ ಎರಡು ಕಡೆ ಮಿತಿ ಇದೆ.

ಮೊದಲನೆಯದು, “ನಾ ಇರಬಾರ್ದು ಅನಸ್ತದ”, “ನಿಮಗೆಲ್ಲ ಭಾರ ಆಗೀನಿ”, “ಇನ್ನೇನ್ ಭಾಳ ದಿನ ಇಲ್ಲ ಬಿಡು” ಅನ್ನುವಂಥ ಮಾತು ಬಂದಾಗ. ಆಗ ಕಾಯುವುದು ಬೇಡ, ನೇರವಾಗಿ ಕೇಳಿ: “ಸಾಯಬೇಕು ಅನ್ನಾ ವಿಚಾರ ಬರ್ಲಕತ್ತದೇನು?” ಕೇಳಿದರೆ ತಲೆಯಲ್ಲಿ ಇಲ್ಲದ ವಿಚಾರ ಹುಟ್ಟುತ್ತದೆ ಅನ್ನುವುದು ತಪ್ಪು ನಂಬಿಕೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ದೂರ ಇದ್ದರೆ ಫೋನ್ ಇಡದೆ, ಹತ್ತಿರ ಇರುವ ಒಬ್ಬರನ್ನು, ಅಂದರೆ ರೂಮ್‌ಮೇಟ್, ಪಿಜಿಯವರು, ನೆಂಟರು, ಬೇರೆ ಫೋನಿನಿಂದ ಅಲ್ಲಿಗೆ ಕಳಿಸಿ. ಹಳ್ಳಿ ಮನೆಯಲ್ಲಾದರೆ ಹೊಲಕ್ಕೆ ಹೊಡೆಯುವ ಔಷಧ ಕೈಗೆ ಸಿಗದಂತೆ ತೆಗೆದಿಡಿ. ಟೆಲಿ ಮಾನಸ್ 14416 ಸರ್ಕಾರದ ಉಚಿತ ಸಹಾಯವಾಣಿ. 2022ರಿಂದ ಇದೆ, ದಿನದ ಯಾವ ಹೊತ್ತಿಗೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಕ್ಕ, ಅಣ್ಣ ಕೂಡ ತಮಗೇನು ಮಾಡಬೇಕು ಅಂತ ಕೇಳಲು ಅಲ್ಲಿಗೆ ಫೋನ್ ಮಾಡಬಹುದು. ಆಗಲೇ ಏನಾದರೂ ಮಾಡಿಕೊಂಡಿದ್ದರೆ 112 ಅಥವಾ 108.

ಎರಡನೆಯದು, ಹದಿನೆಂಟರೊಳಗಿನ ಮಗು ಯಾರೋ ಮೈ ಮುಟ್ಟಿದ ಮಾತು ಹೇಳಿದಾಗ. ಇಲ್ಲಿ ಪ್ರಶ್ನೆ ಇನ್ನೂ ಕಡಿಮೆ ಇರಬೇಕು. ಹೆಸರು ನೀವು ಹೇಳಿ “ಅಂವಾ ಮಾಡಿದ್ನಾ?” ಅಂತ ಕೇಳಬೇಡಿ. ಮಗು ತನ್ನ ಮಾತಿನಲ್ಲಿ ಎಷ್ಟು ಹೇಳುತ್ತದೋ ಅಷ್ಟನ್ನೇ ಕೇಳಿಸಿಕೊಂಡು, ಅದೇ ಮಾತಿನಲ್ಲಿ ಆಮೇಲೆ ಬರೆದಿಡಿ. ಮನೆಯ ಒಬ್ಬೊಬ್ಬರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮರ್ಯಾದೆ ಅಂತ ಮುಚ್ಚಿಡುವ ಅವಕಾಶ ಕಾನೂನಿನಲ್ಲಿ ಇಲ್ಲ. ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿಗೆ ಮಾತ್ರ ಮೊದಲು ಎರಡು ಮಾತು ಹೇಳಿ: “ಹೇಳಿದ್ದು ಚಲೋ ಮಾಡಿದಿ. ಇದು ನಿಂದು ತಪ್ಪಲ್ಲ.”

ಮರುದಿನ

ಹೇಳಿದವರಿಗೆ ಮರುದಿನ ಬೆಳಿಗ್ಗೆ ಕಷ್ಟ. ಯಾಕೆ ಹೇಳಿದೆನೋ, ಅಕ್ಕ ಈಗ ಬೇರೆ ಥರ ನೋಡುತ್ತಾಳೇನೋ ಅನ್ನಿಸುತ್ತಿರುತ್ತದೆ. ಆಗ ನಿಮ್ಮ ಕಡೆಯಿಂದ ಒಂದು ಮೆಸೇಜ್ ಹೋಗಲಿ, ಆದರೆ ಅದರಲ್ಲಿ ಪ್ರಶ್ನೆ ಇರದಿರಲಿ. “ಕ್ಲಾಸಿಗೆ ಹೋದ್ಯಾ?” ಅಂದರೆ ನಿನ್ನೆಯ ಮಾತು ತಪಾಸಣೆಯಾಗಿ ಬದಲಾಯಿತು. “ರಾತ್ರಿ ಹೇಳಿದ್ದು ಚಲೋ ಆಯ್ತು. ಐತ್ವಾರ ಬರ್ಲಕತ್ತೀನಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಬರ್ತೀನಿ” ಅಂತ ಬರೆದರೆ ಸಾಕು. ಅವನು ಉತ್ತರವಾಗಿ ಬರೀ ಒಂದು ಹೆಬ್ಬೆರಳು ಕಳಿಸಿದರೂ ಅದನ್ನು ಉತ್ತರ ಅಂತಲೇ ತಗೊಳ್ಳಿ. ಐತ್ವಾರ ಹೋದಾಗ ಮೊದಲು ಊಟ ಆಗಲಿ. ಮಾತು ಅವನು ತೆಗೆಯದಿದ್ದರೆ ಊಟದ ಮೇಲೆ ಒಂದು ಸಲ ಕೇಳಿ: “ಅಪ್ಪನ ಮುಂದ ಯಾರು ಹೇಳಾದು ಚಲೋ, ನೀನಾ, ನಾನಾ, ಇಬ್ಬರೂ ಕೂಡೇನಾ?”